ಆರುನೂರರ ಗೂಡಿಗೆ ‘ಕೊಳ್ಳಬಹುದು’ ಎಂದ ಲೆಕ್ಕ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿನ ಮುಂದೆ ನಿಂತ ರೀಲರ್ ಏನು ಮಾಡುತ್ತಾರೆ ಎಂದು ಗಮನಿಸಿ. ರಾಶಿಯೊಳಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ಗೂಡು ತೆಗೆಯುತ್ತಾರೆ. ಒಂದೆರಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬೆರಳಲ್ಲಿ ಒತ್ತಿ ಬಿಗಿ ನೋಡುತ್ತಾರೆ. ಅಷ್ಟು ಹೊತ್ತಿಗೆ ಅವರ ತಲೆಯೊಳಗೆ ಒಂದು ಭಾಗಾಕಾರ ಮುಗಿದಿರುತ್ತದೆ: ಈ ಗೂಡು ಎಷ್ಟು ರೆಂಡಿಟ್ಟಾ ಬಂದೀತು?

ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕೋ ಅದೇ ರೆಂಡಿಟ್ಟಾ. ಗೂಡಿನ ತೂಕವನ್ನು ನೂಲಿನ ತೂಕದಿಂದ ಭಾಗಿಸಿದರೆ ಸಿಗುತ್ತದೆ. ಒಳ್ಳೆಯ ಬೈವೋಲ್ಟೈನ್ ಗೂಡಾದರೆ 6ರ ಆಸುಪಾಸು, ಮಿಶ್ರತಳಿಯಾದರೆ 7 ದಾಟುವುದೂ ಉಂಟು. ಸಂಖ್ಯೆ ಚಿಕ್ಕದಾದಷ್ಟೂ ಬಿಚ್ಚಾಣಿಕೆದಾರನಿಗೆ ಲಾಭ.

‘ರೆಂಡಿಟ್ಟಾ 7 ಮೀರಬಾರದು’ ಎಂಬುದು ಗಣಿತದ ಭಾಷೆಯಲ್ಲಿ ಒಂದು ಅಸಮತೆ. ಗೂಡಿನ ತೂಕ g, ನೂಲಿನ ತೂಕ n ಆದರೆ g/n ≤ 7. ಇಲ್ಲಿ ಛೇದವನ್ನು ಆಚೆಗೆ ಕಳಿಸಿ g ≤ 7n ಎಂದು ಬರೆದರೆ ಏನೂ ಕೆಡುವುದಿಲ್ಲ. 50 ಕಿಲೋ ಗೂಡಿನಿಂದ 7.2 ಕಿಲೋ ನೂಲು ಬಂದಿದ್ದರೆ, 7ರಿಂದ ಗುಣಿಸಿ 50.4 ಎಂದು ನೋಡಿ ‘ಪರವಾಗಿಲ್ಲ’ ಎನ್ನಬಹುದು. ಭಾಗಿಸಿ ನೋಡಿದರೂ 6.94 ಬರುತ್ತದೆ, ತೀರ್ಪು ಅದೇ. ಹೀಗೆ ನಿಶ್ಚಿಂತೆಯಿಂದ ಗುಣಿಸಲು ಆಗುವುದು ಒಂದೇ ಒಂದು ಕಾರಣಕ್ಕೆ: ನೂಲಿನ ತೂಕ ಎಂದೂ ಋಣ ಸಂಖ್ಯೆಯಾಗುವುದಿಲ್ಲ. ತಕ್ಕಡಿಯ ಮೇಲೆ ಇಟ್ಟದ್ದು ಸೊನ್ನೆಗಿಂತ ಕಡಿಮೆ ತೂಗಲಾರದು.

ಈ ಕಾರಣವನ್ನು ನಾವು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿಂದಲೇ ತೊಂದರೆ ಶುರು.

ನಾನು ಪಿಯು ವಿದ್ಯಾರ್ಥಿಗಳಿಗೆ ಗಣಿತ ಹೇಳುವವನು. ನನ್ನ ತರಗತಿಗೆ ಬರುವ ಮಕ್ಕಳಲ್ಲಿ ಹಿಪ್ಪುನೇರಳೆ ತೋಟದವರೂ ಇದ್ದಾರೆ, ಫಿಲೇಚರ್ ಇಟ್ಟುಕೊಂಡವರ ಮನೆಯವರೂ ಇದ್ದಾರೆ. ಅಂಥ ಒಬ್ಬ ಹುಡುಗ ಒಂದು ದಿನ ತರಗತಿ ಮುಗಿದ ಮೇಲೆ ಫೋನು ಹಿಡಿದು ಬಂದ. “ಸಾರ್, ನಮ್ಮಪ್ಪನಿಗೆ ಅಂತ ಎಕ್ಸೆಲ್‌ನಲ್ಲಿ ಒಂದು ಲೆಕ್ಕ ಮಾಡಿದೀನಿ. ಗೂಡಿನ ರೇಟು ಹಾಕಿದ್ರೆ ಕೊಳ್ಳಬಹುದಾ ಬೇಡವಾ ಅಂತ ಹೇಳತ್ತೆ. ಆದರೆ 600 ಹಾಕಿದ್ರೂ ಕೊಳ್ಳಬಹುದು ಅಂತಿದೆ.”

ಹುಡುಗನ ಲೆಕ್ಕ ಸೊಗಸಾಗಿತ್ತು. ಅದನ್ನೇ ಇಲ್ಲಿ ಬಿಡಿಸಿಡುತ್ತೇನೆ. ಸಂಖ್ಯೆಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ. ಮಾರುಕಟ್ಟೆಯ ದರ ದಿನಕ್ಕೊಂದು ಬಗೆ ಇರುವುದರಿಂದ ಇವನ್ನು ಇಂದಿನ ಧಾರಣೆ ಎಂದುಕೊಳ್ಳಬೇಡಿ.

ಒಂದು ಕಿಲೋ ಕಚ್ಚಾ ರೇಷ್ಮೆ 4,500 ರೂಪಾಯಿಗೆ ಹೋಗುತ್ತದೆ ಎನ್ನೋಣ. ಅದನ್ನು ಬಿಚ್ಚಲು ಕೂಲಿ, ಸೌದೆ, ಕರೆಂಟು ಎಲ್ಲ ಸೇರಿ ಕಿಲೋಗೆ 650 ರೂಪಾಯಿ. ರೆಂಡಿಟ್ಟಾ 7. ಗೂಡಿನ ದರ ಕಿಲೋಗೆ x ರೂಪಾಯಿ. ಜೂಟು, ಸತ್ತ ಹುಳು ಮಾರಿ ಬರುವ ಕಾಸನ್ನು ಸದ್ಯಕ್ಕೆ ಬಿಡೋಣ. ಹಾಗಾದರೆ ಒಂದು ಕಿಲೋ ನೂಲಿನಲ್ಲಿ ಉಳಿಯುವುದು 4500 − 650 − 7x, ಅಂದರೆ 3850 − 7x, ಅಂದರೆ 7(550 − x) ರೂಪಾಯಿ.

ಇದಲ್ಲದೆ ನೂಲು ತೆಗೆದರೂ ತೆಗೆಯದಿದ್ದರೂ ತಪ್ಪದ ಖರ್ಚು ಇದೆ: ಶೆಡ್ಡಿನ ಬಾಡಿಗೆ, ಬ್ಯಾಂಕಿನ ಕಂತು, ಬಾಯ್ಲರಿನ ರಿಪೇರಿ. ಅದು ದಿನಕ್ಕೆ 2,100 ರೂಪಾಯಿ. ಈ ಖರ್ಚು ಹುಟ್ಟಬೇಕಾದರೆ ದಿನಕ್ಕೆ ಎಷ್ಟು ಕಿಲೋ ನೂಲು ತೆಗೆಯಬೇಕು? 2100ನ್ನು ಕಿಲೋವಿನ ಉಳಿತಾಯದಿಂದ ಭಾಗಿಸಬೇಕು. 2100/(7(550 − x)), ಅಂದರೆ 300/(550 − x) ಕಿಲೋ. ಅವರ ಘಟಕದಲ್ಲಿ ದಿನಕ್ಕೆ 15 ಕಿಲೋಗಿಂತ ಹೆಚ್ಚು ತೆಗೆಯಲು ಆಗುವುದಿಲ್ಲ. ಆದ್ದರಿಂದ ಗೂಡು ಕೊಳ್ಳಬೇಕಾದರೆ

300/(550 − x) ≤ 15

ಆಗಿರಬೇಕು. ಹುಡುಗ ಶೀಟಿನಲ್ಲಿ ಬರೆದದ್ದೂ ಇದನ್ನೇ. ದರ ಇರುವ ಕೋಶ B2:

```
=IF(300/(550-B2)<=15,"ಕೊಳ್ಳಬಹುದು","ಬೇಡ")
```

ದರ 520 ಆದರೆ 300/30, ಅಂದರೆ 10 ಕಿಲೋ ಸಾಕು. 530ಕ್ಕೆ ಸರಿಯಾಗಿ 15. 540 ಆದರೆ 30 ಕಿಲೋ ಬೇಕು, ಆಗದ ಮಾತು. 549 ಆದರೆ ಕಿಲೋ ನೂಲಿಗೆ ಏಳೇ ರೂಪಾಯಿ ಉಳಿಯುವುದರಿಂದ 300 ಕಿಲೋ ತೆಗೆಯಬೇಕು. 550ಕ್ಕೆ ಉಳಿಯುವುದು ಸೊನ್ನೆ, ಭಾಗಿಸಲು ಬರುವುದಿಲ್ಲ, ಶೀಟು #DIV/0! ಎಂದು ತೋರಿಸುತ್ತದೆ. ಅಲ್ಲಿಂದ ಒಂದೇ ರೂಪಾಯಿ ಮೇಲಕ್ಕೆ, 551ಕ್ಕೆ ಹೋಗಿ: 300/(−1), ಅಂದರೆ −300. 600ಕ್ಕೆ ಹೋದರೆ 300/(−50), ಅಂದರೆ −6. ಮೈನಸ್ ಆರು 15ಕ್ಕಿಂತ ಕಡಿಮೆಯೇ ತಾನೆ? ಯಂತ್ರ ಪ್ರಾಮಾಣಿಕವಾಗಿ ‘ಕೊಳ್ಳಬಹುದು’ ಎಂದಿತು. ಕಿಲೋ ನೂಲಿಗೆ 350 ರೂಪಾಯಿ ಕೈಯಿಂದ ಹೋಗುವ ದರಕ್ಕೆ!

ಹುಡುಗ ಗೊಂದಲಕ್ಕೆ ಬಿದ್ದದ್ದು ಇನ್ನೊಂದು ಕಾರಣಕ್ಕೆ. ಅವನು ಇದೇ ಅಸಮತೆಯನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬಿಡಿಸಿದ್ದ. ಛೇದದಿಂದ ಎರಡೂ ಕಡೆ ಗುಣಿಸಿ 300 ≤ 15(550 − x), ಅಂದರೆ 20 ≤ 550 − x, ಅಂದರೆ x ≤ 530. ನೋಟ್‌ಬುಕ್ಕು 530ರ ಒಳಗೆ ಮಾತ್ರ ಕೊಳ್ಳು ಎನ್ನುತ್ತದೆ. ಶೀಟು 600ಕ್ಕೂ ಕೊಳ್ಳು ಎನ್ನುತ್ತದೆ. ಎರಡರಲ್ಲಿ ಇರುವುದು ಒಂದೇ ಅಸಮತೆ. ಯಾವುದು ಸರಿ?

ವ್ಯಾಪಾರಕ್ಕೆ ನೋಟ್‌ಬುಕ್ಕು ಸರಿ. ಗಣಿತಕ್ಕೆ ಶೀಟು ಸರಿ. ಅಸಮತೆ ಹೇಗೆ ಬರೆದಿದೆಯೋ ಹಾಗೆ ಓದಿದರೆ 600 ಅದರ ಪರಿಹಾರವೇ. ನೋಟ್‌ಬುಕ್ಕಿನಲ್ಲಿ ಅದು ಮಾಯವಾದದ್ದು ಗುಣಿಸಿದ ಗಳಿಗೆಯಲ್ಲಿ. ಹುಡುಗ ತನಗೆ ತಿಳಿಯದೆಯೇ ‘550 − x ಧನ ಸಂಖ್ಯೆ’ ಎಂದು ಒಪ್ಪಿಕೊಂಡುಬಿಟ್ಟಿದ್ದ. ಇಲ್ಲಿ ಆ ಒಪ್ಪಿಗೆ ಅದೃಷ್ಟವಶಾತ್ ವ್ಯಾಪಾರದ ಅರ್ಥಕ್ಕೆ ಹೊಂದಿಕೊಂಡಿತು. ಎಲ್ಲ ಸಲವೂ ಹಾಗಾಗುವುದಿಲ್ಲ.

ಚಿಹ್ನೆ ತಿರುಗುವುದು ಏಕೆ

ಎಂಟನೇ ತರಗತಿಯ ಹೊತ್ತಿಗೆ ನಾವು ಮಕ್ಕಳಿಗೆ ಅಡ್ಡ ಗುಣಾಕಾರ ಕಲಿಸಿರುತ್ತೇವೆ. ಸಮೀಕರಣದಲ್ಲಿ ಅದು ಸಲೀಸು. ಎರಡು ಸಮ ವಸ್ತುಗಳನ್ನು ಸೊನ್ನೆಯಲ್ಲದ ಯಾವುದರಿಂದ ಗುಣಿಸಿದರೂ ಅವು ಸಮವಾಗಿಯೇ ಉಳಿಯುತ್ತವೆ. ಗುಣಿಸಿದ್ದು ಧನವೋ ಋಣವೋ ಎಂದು ಕೇಳಬೇಕಿಲ್ಲ. ಅಸಮತೆಯಲ್ಲಿ ಕೇಳಲೇಬೇಕು. ಕೈಯಲ್ಲಿ 2 ಸಾವಿರ ಇರುವವನಿಗಿಂತ 5 ಸಾವಿರ ಇರುವವನು ಮೇಲು. ಆದರೆ 5 ಸಾವಿರ ಸಾಲ ಇರುವವನಿಗಿಂತ 2 ಸಾವಿರ ಸಾಲ ಇರುವವನು ಮೇಲು. ಕೈಯಲ್ಲಿರುವ ಹಣವನ್ನು ಸಾಲ ಮಾಡಿದೊಡನೆ, ಅಂದರೆ −1ರಿಂದ ಗುಣಿಸಿದೊಡನೆ, ಮೇಲು ಕೀಳು ಅದಲುಬದಲಾಗುತ್ತದೆ. 2 < 5, ಆದರೆ −2 > −5.

ಗುಣಿಸುವ ಸಂಖ್ಯೆ −3 ಎಂದು ಕಣ್ಣಿಗೆ ಕಾಣುತ್ತಿದ್ದರೆ ತೊಂದರೆಯಿಲ್ಲ, ಚಿಹ್ನೆ ತಿರುಗಿಸಿದರಾಯಿತು. ಆದರೆ ಗುಣಿಸುವುದು x − 3 ಆದಾಗ ಏನು ಮಾಡುತ್ತೀರಿ? x 10 ಆದರೆ ಅದು ಧನ, 1 ಆದರೆ ಋಣ, 3 ಆದರೆ ಸೊನ್ನೆ. x ಎಷ್ಟು ಎಂದು ಗೊತ್ತಿಲ್ಲದ್ದಕ್ಕೇ ತಾನೆ ನಾವು ಲೆಕ್ಕ ಮಾಡುತ್ತಿರುವುದು! ಛೇದದಿಂದ ಗುಣಿಸುವವನು ಹುಡುಕಬೇಕಾದ ಉತ್ತರದ ಒಂದು ಭಾಗವನ್ನು ಹುಡುಕುವ ಮೊದಲೇ ಊಹಿಸಿಕೊಂಡಂತೆ.

ಊಹೆ ತಪ್ಪಾದರೆ ಎಷ್ಟು ಕೆಡುತ್ತದೆ ಎಂದು ನೋಡಲು ಮಾರುಕಟ್ಟೆಯಿಂದ ಸ್ವಲ್ಪ ಆಚೆ ಬಂದು ಒಂದು ಬರೀ ಗಣಿತದ ಲೆಕ್ಕ ತೆಗೆದುಕೊಳ್ಳೋಣ.

(2x + 1)/(x − 3) ≥ 1

ಛೇದದಿಂದ ಗುಣಿಸಿದರೆ 2x + 1 ≥ x − 3, ಅಂದರೆ x ≥ −4. ಎರಡೇ ಸಾಲು. ಬಹು ಆಯ್ಕೆಯ ಪ್ರಶ್ನೆಯಾಗಿದ್ದರೆ ಈ ಉತ್ತರ ನಾಲ್ಕು ಆಯ್ಕೆಗಳ ನಡುವೆ ಕೂತಿರುತ್ತದೆ, ಏಕೆಂದರೆ ಪ್ರಶ್ನೆ ತೆಗೆಯುವವರಿಗೆ ನಾವು ಎಲ್ಲಿ ಎಡವುತ್ತೇವೆ ಎಂದು ಗೊತ್ತು. ಈಗ ಪರೀಕ್ಷಿಸಿ. x = 0 ಹಾಕಿ. 0 ಎಂಬುದು −4ಕ್ಕಿಂತ ದೊಡ್ಡದು, ಆದ್ದರಿಂದ ಅಸಮತೆ ನಿಜವಾಗಬೇಕು. ಆದರೆ 1/(−3) ಎಂಬುದು ಋಣ ಸಂಖ್ಯೆ, ಅದು 1ಕ್ಕಿಂತ ದೊಡ್ಡದಾಗುವ ಮಾತೇ ಇಲ್ಲ. ಈಗ x = −10 ಹಾಕಿ. ನಮ್ಮ ಉತ್ತರದ ಪ್ರಕಾರ ಇದು ಹೊರಗೆ. ಆದರೆ −19/−13, ಸುಮಾರು 1.46, ಅದು 1ಕ್ಕಿಂತ ದೊಡ್ಡದೇ. ಒಳಗಿರಬೇಕಾದ್ದು ಹೊರಗೆ, ಹೊರಗಿರಬೇಕಾದ್ದು ಒಳಗೆ. ಸಾಲದ್ದಕ್ಕೆ x = 3 ಎಂಬ, ಛೇದವೇ ಸೊನ್ನೆಯಾಗುವ ಸಂಖ್ಯೆಯನ್ನೂ ಉತ್ತರದೊಳಗೆ ಸೇರಿಸಿದ್ದೇವೆ. ರೀಲರ್ ಹುಡುಗನ ಲೆಕ್ಕದಲ್ಲಿ ಗುಣಾಕಾರ ಒಂದು ತುಂಡನ್ನು ಕಳೆದಿತ್ತು ಅಷ್ಟೆ. ಇಲ್ಲಿ ಉತ್ತರವೇ ತಲೆಕೆಳಗಾಗಿದೆ.

ಚಿಹ್ನೆಯ ಪಟ್ಟಿ

ಹಾಗಾದರೆ ಗುಣಿಸದೆ ಬಿಡಿಸುವುದು ಹೇಗೆ? ಮೊದಲ ಕೆಲಸ, ಎಲ್ಲವನ್ನೂ ಒಂದೇ ಕಡೆಗೆ ತರುವುದು. ಕೂಡುವುದಕ್ಕೂ ಕಳೆಯುವುದಕ್ಕೂ ಅಸಮತೆಯಲ್ಲಿ ಯಾವ ಭಯವೂ ಇಲ್ಲ. ಎರಡೂ ಕಡೆಯಿಂದ 1 ಕಳೆದರೆ

(2x + 1)/(x − 3) − 1 ≥ 0

ಬಲಗಡೆ ಸೊನ್ನೆ ಮಾತ್ರ ಉಳಿಯಿತು. ಎಡಗಡೆಯನ್ನು ಒಂದೇ ಭಿನ್ನರಾಶಿ ಮಾಡಿ. ಇಲ್ಲಿ ಛೇದವನ್ನು ಹೊಡೆದುಹಾಕುತ್ತಿಲ್ಲ, ಅದು ತನ್ನ ಜಾಗದಲ್ಲೇ ಇರುತ್ತದೆ. 2x + 1 − (x − 3) ಎಂದರೆ x + 4. ಆ ಆವರಣ ಬರೆಯದೆ 2x + 1 − x − 3 ಎಂದು ಕೆಡಿಸಿಕೊಳ್ಳುವವರು ಬಹಳ, ಎಚ್ಚರ. ಸಿಗುವುದು

(x + 4)/(x − 3) ≥ 0

ಈಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ‘ಈ ಭಿನ್ನರಾಶಿ ಒಂದಕ್ಕಿಂತ ದೊಡ್ಡದೇ?’ ಎಂದು ಕೇಳುತ್ತಿದ್ದೆವು. ಈಗ ಕೇಳುತ್ತಿರುವುದು ‘ಈ ಭಿನ್ನರಾಶಿ ಧನವೋ ಋಣವೋ?’ ಎಂದು. ಬೆಲೆ ಬೇಕಿಲ್ಲ, ಚಿಹ್ನೆ ಸಾಕು. ಚಿಹ್ನೆ ಕಂಡುಹಿಡಿಯುವುದು ಬೆಲೆ ಕಂಡುಹಿಡಿಯುವುದಕ್ಕಿಂತ ಎಷ್ಟೋ ಸುಲಭ: ಅಂಶ, ಛೇದ ಎರಡರದ್ದೂ ಒಂದೇ ಚಿಹ್ನೆಯಾದರೆ ಧನ, ಬೇರೆ ಬೇರೆಯಾದರೆ ಋಣ.

ಇನ್ನು x + 4 ತನ್ನ ಚಿಹ್ನೆ ಬದಲಿಸುವುದು ಎಲ್ಲಿ? −4ರಲ್ಲಿ ಮಾತ್ರ. ಅದಕ್ಕಿಂತ ಎಡಕ್ಕೆ ಎಲ್ಲೆಲ್ಲೂ ಋಣ, ಬಲಕ್ಕೆ ಎಲ್ಲೆಲ್ಲೂ ಧನ. x − 3 ಬದಲಿಸುವುದು 3ರಲ್ಲಿ ಮಾತ್ರ. ಆದ್ದರಿಂದ ಇಡೀ ಸಂಖ್ಯಾರೇಖೆಯಲ್ಲಿ ಭಿನ್ನರಾಶಿಯ ಚಿಹ್ನೆ ತಿರುಗಬಹುದಾದ ಜಾಗಗಳು ಎರಡೇ, −4 ಮತ್ತು 3. ಇವು ಎರಡು ಗಡಿಕಲ್ಲುಗಳಿದ್ದಂತೆ. ರೇಖೆ ಮೂರು ಹೊಲಗಳಾಗಿ ಒಡೆಯುತ್ತದೆ. ಒಂದು ಹೊಲದೊಳಗೆ ಚಿಹ್ನೆ ಎಲ್ಲಿ ನೋಡಿದರೂ ಒಂದೇ. ಈ ಮಾತನ್ನು ಮಕ್ಕಳು ಬಾಯಿಪಾಠ ಮಾಡಿ ಬಿಡುತ್ತಾರೆ. ಆದರೆ ವಿಧಾನದ ಜೀವ ಇರುವುದೇ ಇಲ್ಲಿ. ಕೋಟ್ಯಂತರ ಸಂಖ್ಯೆಗಳನ್ನು ಪರೀಕ್ಷಿಸುವ ಬದಲು ಹೊಲಕ್ಕೊಂದರಂತೆ ಮೂರನ್ನು ಪರೀಕ್ಷಿಸಿದರೆ ಸಾಕಾಗುವುದು ಈ ಕಾರಣದಿಂದ.

ಪಟ್ಟಿ ಹೀಗೆ:

| | x < −4 | −4 < x < 3 | x > 3 |
|---|---|---|---|
| x + 4 | − | + | + |
| x − 3 | − | − | + |
| (x + 4)/(x − 3) | + | − | + |

ನಮಗೆ ಬೇಕಾದ್ದು ಧನ ಅಥವಾ ಸೊನ್ನೆ. ಧನ ಇರುವುದು ಎರಡು ತುದಿಯ ಹೊಲಗಳಲ್ಲಿ. ಇನ್ನು ಗಡಿಕಲ್ಲುಗಳ ವಿಚಾರಣೆ. x = −4 ಆದರೆ ಅಂಶ ಸೊನ್ನೆ, ಭಿನ್ನರಾಶಿಯೂ ಸೊನ್ನೆ; ‘≥’ ಇರುವುದರಿಂದ −4 ಒಳಗೆ. x = 3 ಆದರೆ ಛೇದ ಸೊನ್ನೆ, ಭಿನ್ನರಾಶಿಯೇ ಇಲ್ಲ; ‘≥’ ಇದ್ದರೂ 3 ಹೊರಗೆ. ಉತ್ತರ: x ≤ −4 ಅಥವಾ x > 3.

ಅಂಶದಿಂದ ಬಂದ ಗಡಿಯನ್ನು ಪ್ರಶ್ನೆಯ ಚಿಹ್ನೆ ನೋಡಿ ಸೇರಿಸಬೇಕು ಅಥವಾ ಬಿಡಬೇಕು. ಛೇದದಿಂದ ಬಂದ ಗಡಿಯನ್ನು ಯಾವ ಕಾಲಕ್ಕೂ ಬಿಡಲೇಬೇಕು. ನಾನು ಬೋರ್ಡಿನ ಮೇಲೆ ರೇಖೆ ಎಳೆಯುವಾಗ ಛೇದದ ಬಿಂದುವಿಗೆ ಮೊದಲೇ ಖಾಲಿ ಸುತ್ತು ಹಾಕಿಬಿಡುತ್ತೇನೆ, ಚಿಹ್ನೆ ನೋಡುವುದಕ್ಕೂ ಮೊದಲು. ಆಮೇಲೆ ಮರೆಯುವ ಪ್ರಶ್ನೆ ಇರುವುದಿಲ್ಲ.

ಪಟ್ಟಿ ಬಿಟ್ಟು ಬೇರೆ ದಾರಿಗಳೂ ಇವೆ, ಅವು ತಪ್ಪಲ್ಲ. ಛೇದ ಧನ ಎಂದು ಒಂದು ಸಲ, ಋಣ ಎಂದು ಇನ್ನೊಂದು ಸಲ ಎರಡು ಸಂದರ್ಭ ಮಾಡಿ ಗುಣಿಸಬಹುದು. x > 3 ಆದಾಗ x ≥ −4 ಬರುತ್ತದೆ, ಎರಡೂ ಸೇರಿ x > 3. x < 3 ಆದಾಗ ಚಿಹ್ನೆ ತಿರುಗಿ x ≤ −4. ಉತ್ತರ ಅದೇ. ಆದರೆ ಛೇದಗಳು ಎರಡಾದರೆ ಸಂದರ್ಭಗಳು ಹೆಚ್ಚುತ್ತಾ ಹೋಗಿ, ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಎಂಬಲ್ಲಿ ಕೈ ತಪ್ಪುತ್ತದೆ. ಇನ್ನೊಂದು ದಾರಿ, ಛೇದದ ವರ್ಗದಿಂದ ಗುಣಿಸುವುದು. (x − 3)² ಎಂದೂ ಋಣವಾಗದು, ಆದ್ದರಿಂದ ಚಿಹ್ನೆ ತಿರುಗದು. ಕೊನೆಗೆ (x + 4)(x − 3) ≥ 0 ಸಿಗುತ್ತದೆ, x = 3ನ್ನು ನೆನಪಿಟ್ಟು ತೆಗೆಯಬೇಕು. ಚಿಕ್ಕ ಲೆಕ್ಕಕ್ಕೆ ಇದು ಅಂದವೇ. ದೊಡ್ಡ ಲೆಕ್ಕದಲ್ಲಿ ಘಾತ ಸುಮ್ಮನೆ ಏರುತ್ತದೆ. ನನ್ನ ಮತ ಪಟ್ಟಿಗೆ.

ವರ್ಗ ಬಂದಾಗ

ಕೋಚಿಂಗ್ ಹೋಗುವ ಮಕ್ಕಳು ಇದೇ ವಿಧಾನವನ್ನು ‘ವೇವಿ ಕರ್ವ್’ ಎಂಬ ಹೆಸರಿನಲ್ಲಿ ಬಲ್ಲರು. ಗಡಿಬಿಂದುಗಳನ್ನು ರೇಖೆಯ ಮೇಲೆ ಗುರುತಿಸಿ, ಬಲತುದಿಯಲ್ಲಿ ಪ್ಲಸ್ ಹಾಕಿ, ಎಡಕ್ಕೆ ಬರುತ್ತಾ ಪ್ಲಸ್ ಮೈನಸ್ ಪ್ಲಸ್ ಮೈನಸ್ ಎಂದು ಅಲೆಯಂತೆ ಬರೆದುಕೊಂಡು ಹೋಗುವುದು. ವೇಗವಾಗಿ ಆಗುತ್ತದೆ. ಆದರೆ ಏಕೆ ಎಂದು ತಿಳಿಯದೆ ಮಾಡಿದವರನ್ನು ಅದು ಒಂದು ಕಡೆ ಖಂಡಿತ ಬೀಳಿಸುತ್ತದೆ. ಈ ಲೆಕ್ಕ ನೋಡಿ:

(x − 1)²(x + 2)/(x − 5) ≤ 0

ಗಡಿಗಳು −2, 1, 5. ಕಣ್ಣುಮುಚ್ಚಿ ಅಲೆ ಬರೆದರೆ ಬಲದಿಂದ ಪ್ಲಸ್, ಮೈನಸ್, ಪ್ಲಸ್, ಮೈನಸ್ ಬರುತ್ತದೆ. ನಿಜವಾಗಿ ಹಾಗಿಲ್ಲ. (x − 1)² ಎಂಬುದು 1ರ ಎಡಕ್ಕೂ ಧನ, ಬಲಕ್ಕೂ ಧನ. 1ರಲ್ಲಿ ಅದು ಸೊನ್ನೆ ಮುಟ್ಟಿ ಹಿಂದಿರುಗುತ್ತದೆ, ಸೊನ್ನೆಯನ್ನು ದಾಟುವುದಿಲ್ಲ. ಆದ್ದರಿಂದ ಆ ಗಡಿಯಲ್ಲಿ ಚಿಹ್ನೆ ತಿರುಗುವುದಿಲ್ಲ. 5ರ ಬಲಕ್ಕೆ ಧನ. 1ರಿಂದ 5ರವರೆಗೆ ಛೇದ ಮಾತ್ರ ಋಣವಾದ್ದರಿಂದ ಋಣ. −2ರಿಂದ 1ರವರೆಗೂ ಋಣವೇ. −2ರ ಎಡಕ್ಕೆ x + 2, x − 5 ಎರಡೂ ಋಣವಾಗಿ ಧನ. ಉತ್ತರ −2 ≤ x < 5. ಒಂದೇ ಹರಹು, ನಡುವೆ 1ನ್ನೂ ಒಳಗೊಂಡು.

ಇದೇ ಲೆಕ್ಕದಲ್ಲಿ ‘≤’ ಬದಲು ‘<’ ಇದ್ದರೆ? ಆಗ 1ರಲ್ಲಿ ಭಿನ್ನರಾಶಿ ಸೊನ್ನೆಯಾಗುವುದರಿಂದ ಅದನ್ನು ಕಿತ್ತುಹಾಕಬೇಕು, −2 ಕೂಡ ಹೋಗುತ್ತದೆ. ಉತ್ತರ −2ರಿಂದ 1, ಮತ್ತೆ 1ರಿಂದ 5, ತುದಿಗಳನ್ನು ಬಿಟ್ಟು. ‘≥’ ಇದ್ದರೆ ಇನ್ನೂ ವಿಚಿತ್ರ: x ≤ −2, x > 5, ಜೊತೆಗೆ x = 1 ಎಂಬ ಒಂಟಿ ಬಿಂದು. ಸುತ್ತ ಎಲ್ಲೂ ಪರಿಹಾರ ಇಲ್ಲದ ಕಡೆ ಒಂದು ಸಂಖ್ಯೆ ಮಾತ್ರ ನಿಂತಿರುತ್ತದೆ. ಎಷ್ಟೋ ಜಾಣ ಮಕ್ಕಳು ಪೂರ್ಣ ಅಂಕ ಕಳೆದುಕೊಳ್ಳುವುದು ಈ ಒಂಟಿ ಬಿಂದುವಿನಲ್ಲಿ.

ಅಂಶ ಛೇದ ಎರಡರಲ್ಲೂ ಒಂದೇ ಅಪವರ್ತನ ಇದ್ದಾಗಲೂ ಹೀಗೇ ಎಚ್ಚರ ಬೇಕು. (x − 2)(x + 1)/(x − 2) ಎಂಬುದನ್ನು x + 1 ಎಂದು ಹೊಡೆದುಹಾಕಬಹುದು. ಆದರೆ 2 ಮಾತ್ರ ಎಂದೆಂದಿಗೂ ಹೊರಗೆ. ಮೂಲ ಪ್ರಶ್ನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇನ್ನು x² + 1ರಂಥ ಛೇದ ಬಂದರೆ ಧೈರ್ಯವಾಗಿ ಗುಣಿಸಿ, ಅದು ತಕ್ಕಡಿಯ ತೂಕದಂತೆ ಸದಾ ಧನ. ಪ್ರಶ್ನೆಯ ಪಕ್ಕದಲ್ಲಿ ಕೆಲವೊಮ್ಮೆ ಆವರಣದಲ್ಲಿ x > 0 ಎಂದು ಕೊಟ್ಟಿರುತ್ತಾರಲ್ಲ, ಅದನ್ನು ಅಲಂಕಾರ ಎಂದುಕೊಳ್ಳಬೇಡಿ. ಛೇದ x ಅಥವಾ x + 1 ಆಗಿದ್ದರೆ, ಗುಣಿಸಲು ಕೊಟ್ಟ ಪರವಾನಗಿ ಅದು.

ಉತ್ತರ ಬರೆದ ಮೇಲೆ ಸರಿಯೋ ತಪ್ಪೋ ತಿಳಿಯಲು ಅರ್ಧ ನಿಮಿಷ ಸಾಕು. ಪ್ರತಿ ಹೊಲದಿಂದ ಒಂದು ಸುಲಭ ಸಂಖ್ಯೆ ಎತ್ತಿಕೊಂಡು *ಮೂಲ* ಅಸಮತೆಗೆ ಹಾಕಿ. ಬಿಡಿಸುವಾಗ ಮಾಡಿಕೊಂಡ ರೂಪಕ್ಕೆ ಹಾಕಿದರೆ ಪ್ರಯೋಜನವಿಲ್ಲ, ದಾರಿಯಲ್ಲಿ ಮಾಡಿದ ತಪ್ಪು ಅದರೊಳಗೇ ಕೂತಿರುತ್ತದೆ. 0 ಗಡಿಯಲ್ಲದಿದ್ದರೆ ಮೊದಲು 0 ಹಾಕಿ ನೋಡಿ. (2x + 1)/(x − 3) ಲೆಕ್ಕದಲ್ಲಿ ತಪ್ಪನ್ನು ಹಿಡಿದುಕೊಟ್ಟದ್ದು ಅದೇ ಸೊನ್ನೆ.

ಈಗ ಹುಡುಗನ ಶೀಟಿಗೆ ಹಿಂದಿರುಗೋಣ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಲೆಕ್ಕವನ್ನು ಪಟ್ಟಿಯಲ್ಲಿ ಬಿಡಿಸಿದೆವು. 300/(550 − x) − 15 ≤ 0. ಒಂದೇ ಭಿನ್ನರಾಶಿ ಮಾಡಿದರೆ ಅಂಶ 300 − 8250 + 15x, ಅಂದರೆ 15(x − 530). ಛೇದ 550 − x. ಛೇದದಲ್ಲಿ x ಮುಂದೆ ಮೈನಸ್ ಇದ್ದರೆ ಪಟ್ಟಿಯಲ್ಲಿ ಕಣ್ಣು ತಪ್ಪುತ್ತದೆ, ಆದ್ದರಿಂದ ಎರಡೂ ಕಡೆ −1ರಿಂದ ಗುಣಿಸಿ, 15ರಿಂದ ಭಾಗಿಸಿ, (x − 530)/(x − 550) ≥ 0 ಎಂದು ಬರೆದೆವು. −1 ಗೊತ್ತಿರುವ ಋಣ ಸಂಖ್ಯೆಯಾದ್ದರಿಂದ ಚಿಹ್ನೆ ತಿರುಗಿಸಿದ್ದು ಸರಿ. 530ರ ಕೆಳಗೆ ಧನ, 530ರಿಂದ 550ರ ನಡುವೆ ಋಣ, 550ರ ಮೇಲೆ ಮತ್ತೆ ಧನ. ಪರಿಹಾರ x ≤ 530 ಅಥವಾ x > 550. ಶೀಟು 600ಕ್ಕೆ ಒಪ್ಪಿಗೆ ಕೊಟ್ಟದ್ದು ಎರಡನೆಯ ತುಂಡಿನಿಂದ.

“ಹಂಗಾದ್ರೆ ಆ ತುಂಡನ್ನ ಬಿಟ್ಟುಬಿಡಬಹುದಾ ಸಾರ್?” ಎಂದ ಹುಡುಗ. ಬಿಡಬಹುದು, ಆದರೆ ಕಾರಣ ಹೇಳಿ ಬಿಡಬೇಕು. 550ರ ಮೇಲೆ ಕಿಲೋ ನೂಲಿಗೆ ನಷ್ಟ. ‘ಎಷ್ಟು ಕಿಲೋ ತೆಗೆದರೆ ಖರ್ಚು ಹುಟ್ಟುತ್ತದೆ’ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ, ತೆಗೆದಷ್ಟೂ ಕಳೆಯುತ್ತೇವೆ. ಆದ್ದರಿಂದ x < 550 ಎಂಬ ಷರತ್ತು ವ್ಯಾಪಾರದಿಂದ ಬರಬೇಕು, ಅಸಮತೆ ಅದನ್ನು ತಾನಾಗಿ ಹೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಅವನು ಗುಣಿಸುವ ಮೊದಲು ‘x < 550 ಆಗಿರಲಿ’ ಎಂದು ಒಂದು ಸಾಲು ಬರೆದಿದ್ದರೆ ಅವನ ಮೂರು ಸಾಲಿನ ಲೆಕ್ಕ ಪೂರ್ತಿ ಸರಿಯಾಗುತ್ತಿತ್ತು. ಆ ಸಾಲನ್ನು ಶೀಟಿಗೂ ಸೇರಿಸಿದೆವು:

```
=IF(B2>=550,"ಬೇಡ",IF(300/(550-B2)<=15,"ಕೊಳ್ಳಬಹುದು","ಬೇಡ"))
```

ಮೊದಲು ಛೇದದ ಚಿಹ್ನೆ ನೋಡುತ್ತದೆ, ಆಮೇಲೆ ಮಾತ್ರ ಭಾಗಿಸುತ್ತದೆ. 550 ಹಾಕಿದರೂ #DIV/0! ಬರುವುದಿಲ್ಲ, ಭಾಗಾಕಾರದ ತನಕ ಹೋಗುವುದೇ ಇಲ್ಲ. ನೂಲಿನ ದರ, ಕೂಲಿ, ರೆಂಡಿಟ್ಟಾ ಬದಲಾದಾಗ 550 ಮತ್ತು 300 ಎಂಬ ಸಂಖ್ಯೆಗಳೂ ಬದಲಾಗುತ್ತವೆ, ಅವನ್ನು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳಬೇಕು.

ಈಗ ಆ ಶೀಟಿನಲ್ಲಿ 530 ಹಾಕಿದರೆ ‘ಕೊಳ್ಳಬಹುದು’, 531 ಹಾಕಿದರೆ ‘ಬೇಡ’, 600 ಹಾಕಿದರೂ ‘ಬೇಡ’.